ಷೇರು ಏರಿದರೂ ಕಾಲ್ ಆಪ್ಷನ್ ಇಳಿದಿದ್ದು ಯಾಕೆ?

"ಹಾಸನದಿಂದ. ಷೇರು 500 ಇದ್ದಾಗ 520ರ ಕಾಲ್ ಅನ್ನು 10 ರೂಪಾಯಿಗೆ ಕೊಂಡೆ, ಲಾಟ್ 500. ಈಗ ಷೇರು 510, ಕಾಲ್ ಮಾತ್ರ 5. ಮುಗಿಯೋಕೆ ಒಂದು ವಾರ ಇದೆ. ಏನ್ ಮಾಡಲಿ?"

ನಿಮ್ಮ ಕಾಲ್ ಅಂದರೆ ಕೊನೆ ದಿನ ಷೇರನ್ನು 520ಕ್ಕೆ ಕೊಳ್ಳುವ ಹಕ್ಕು. ಅದು ಇಳಿಯಲು ಹೆಚ್ಚಾಗಿ ಸಮಯ ಕರಗಿದ್ದೇ ಕಾರಣ. ಏರಿಳಿತದ ನಿರೀಕ್ಷೆ ತಗ್ಗಿದ್ದರೂ ಹೀಗಾಗುತ್ತದೆ.

ಒಂದು ಲಾಟ್‌ನ 500 ಷೇರಿಗೆ ತಲಾ 10ರಂತೆ ನೀವು ಕೊಟ್ಟ 5,000 ರೂಪಾಯಿ, ಸಕಲೇಶಪುರದ ಬೆಳೆಗಾರರಿಗೆ 'ಇಂಥ ದಿನ ಇದೇ ರೇಟಿಗೆ ಕಾಫಿ ಕೊಡಿ' ಅಂತ ಕೊಟ್ಟ ಹಣದ ಹಾಗೆ. ಆದರೆ ಇದು ಬೆಲೆಯಲ್ಲಿ ವಜಾ ಆಗಲ್ಲ, ವಾಪಸ್ಸೂ ಬರಲ್ಲ. 510ರ ಷೇರನ್ನು 520ಕ್ಕೆ ಕೊಳ್ಳುವ ಹಕ್ಕಿಗೆ ಇವತ್ತು ಸ್ವಂತ ಬೆಲೆ ಸೊನ್ನೆ. ಉಳಿದ 5 ರೂಪಾಯಿ ಪೂರ್ತಿ ಆ ಒಂದು ವಾರದ ಬೆಲೆ.

ಮೊದಲು ಈ ಲೆಕ್ಕ ಹಾಕಿ: 520ಕ್ಕೆ 10 ಸೇರಿಸಿ, 530. ಕೊನೆ ದಿನ ಷೇರು ಅಲ್ಲಿಗೆ ಬಂದರೆ ಮಾತ್ರ ನೀವು ಹಾಕಿದ ಹಣ ಪೂರ್ತಿ ಹುಟ್ಟುತ್ತೆ. ಕೊನೆ ದಿನ ಷೇರು 525ಕ್ಕೆ ನಿಂತರೂ ಕೈಗೆ 2,500, ನಷ್ಟ 2,500. ಈಗಲೇ ಮಾರಿದರೂ ಅಷ್ಟೇ ನಷ್ಟ, ಅಲ್ವಾ? ಹಾಗಾಗಿ ವಾರದೊಳಗೆ 525 ದಾಟುತ್ತೆ ಅನ್ನಿಸದಿದ್ದರೆ ಇವತ್ತೇ ಮಾರಿ, ಸುಮ್ನೆ ಕಾಯಬೇಡಿ.

ಕಾಯುವುದಾದರೂ ಕೊನೆ ದಿನಕ್ಕೆ ಮುಂಚೆ ಮಾರಿ. 520ರ ಮೇಲೆ ಮುಗಿದರೆ ಷೇರನ್ನೇ ತಗೋಬೇಕು, ಅದಕ್ಕೆ 2,60,000 ರೂಪಾಯಿ ಬೇಕು.