ಕರ್ಮಣಿ ವಾಕ್ಯವನ್ನು ಹಂತಗಳಾಗಿ ಒಡೆಯುವ ಮುನ್ನ

“ನಮ್ಮ ಪಂಪ್ ಕೈಪಿಡಿಯಲ್ಲಿ ‘ವಿದ್ಯುತ್ ಕಡಿತಗೊಳಿಸಲ್ಪಟ್ಟು, ಒತ್ತಡ ಇಳಿಸಲ್ಪಟ್ಟ ನಂತರ ಫಿಲ್ಟರ್ ತೆಗೆಯಲ್ಪಡಬೇಕು’ ಎಂಬಂಥ ವಾಕ್ಯಗಳೇ ತುಂಬಿವೆ. ಹಂತಗಳಾಗಿ ಒಡೆಯುವುದು ಹೇಗೆ?”

ನಮಸ್ಕಾರ. ‘ಕಡಿತಗೊಳಿಸಲ್ಪಟ್ಟು’ ಎಂಬಲ್ಲಿ ಕರ್ತೃವೇ ಇಲ್ಲ. ಸ್ವಿಚ್ಚನ್ನು ತಂತ್ರಜ್ಞರೇ ಆರಿಸಬೇಕೋ, ಬೇರೆಯವರು ಆರಿಸಿದ್ದನ್ನು ಪರೀಕ್ಷಿಸಿದರೆ ಸಾಕೋ ಎಂಬುದನ್ನು ಊಹಿಸದೆ, ಯಂತ್ರವನ್ನು ಬಲ್ಲ ಎಂಜಿನಿಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ‘ಒತ್ತಡ ಇಳಿಸಲ್ಪಟ್ಟ’ ಎಂಬುದರೊಳಗೂ ಹಲವು ಕೆಲಸಗಳು ಅಡಗಿರುತ್ತವೆ. ತಂತ್ರಜ್ಞರೇ ಎಲ್ಲವನ್ನೂ ಮಾಡುವುದಾದರೆ, ಉತ್ತರಗಳು ಸಿಕ್ಕ ಮೇಲೆ ಅದೇ ವಾಕ್ಯ ಹೀಗಾಗಬಹುದು:

1. ಮುಖ್ಯ ಸ್ವಿಚ್ ಆರಿಸಿ.
2. ಸ್ವಿಚ್ಚಿಗೆ ಬೀಗ ಹಾಕಿ. ಕೀಲಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.
3. ಪಂಪಿನ ಎರಡೂ ಬದಿಯ ವಾಲ್ವ್ ಮುಚ್ಚಿ.
4. ಡ್ರೈನ್ ವಾಲ್ವ್ ತೆರೆಯಿರಿ.
5. ಒತ್ತಡದ ಮಾಪಕ 0 ತೋರಿಸುವವರೆಗೆ ಕಾಯಿರಿ. 0 ತೋರಿಸದಿದ್ದರೆ ಮುಚ್ಚಳ ತೆರೆಯಬೇಡಿ. 3ನೇ ಹಂತವನ್ನು ಮತ್ತೆ ಪರೀಕ್ಷಿಸಿ.
6. ಮುಚ್ಚಳ ತೆರೆದು ಫಿಲ್ಟರ್ ತೆಗೆಯಿರಿ.

ಎಚ್ಚರಿಕೆಯು ಮುಚ್ಚಳ ತೆರೆಯುವ ಹಂತಕ್ಕಿಂತ ಮೊದಲೇ ಬಂದಿರುವುದನ್ನು ಗಮನಿಸಿ. ಕೈಯಲ್ಲಿ ಸ್ಪ್ಯಾನರ್ ಹಿಡಿದವರು ಒಂದೊಂದೇ ಸಾಲನ್ನು ಓದಿ ಮಾಡುತ್ತಾ ಹೋಗುವುದರಿಂದ, ಕೊನೆಯಲ್ಲಿ ಬರೆದ ಎಚ್ಚರಿಕೆ ಅವರ ಕಣ್ಣಿಗೆ ಬೀಳುವಷ್ಟರಲ್ಲಿ ಮುಚ್ಚಳ ತೆರೆದಾಗಿರುತ್ತದೆ. ಬರೆದಾದ ಮೇಲೆ, ಆ ಪಂಪಿನ ಪರಿಚಯವಿಲ್ಲದ ತಂತ್ರಜ್ಞರೊಬ್ಬರ ಕೈಗೆ ಹಾಳೆಯನ್ನು ಕೊಟ್ಟು, ನೀವು ಮಾತಾಡದೆ ಪಕ್ಕದಲ್ಲಿ ನಿಂತು ನೋಡಿ. ಅವರು ತಡೆದು ನಿಮ್ಮ ಮುಖ ನೋಡುವ ಕಡೆಯಲ್ಲೆಲ್ಲ ಒಂದು ಹಂತ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.