ಪೈಪಿನ ಬಿಲ್ಲಿಗೆ 60 ದಿನದ ಅವಧಿ: ಹೋಲ್‌ಸೇಲ್‌ನವರ ಹತ್ತಿರ ಹೇಗೆ ಕೇಳುವುದು?

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದು ಪೈಪು, ಪಂಪು, ಸ್ಪ್ರಿಂಕ್ಲರ್ ಅಂಗಡಿ. ಆರು ವರ್ಷದಿಂದ ಮಂಗಳೂರಿನ ಒಬ್ಬರೇ ಹೋಲ್‌ಸೇಲ್ ವ್ಯಾಪಾರಿಯಿಂದ 30 ದಿನದ ಸಾಲದಲ್ಲಿ ಮಾಲು ತರುತ್ತೇನೆ. ಸೀಸನ್ನಿನಲ್ಲಿ ತಿಂಗಳಿಗೆ ಸುಮಾರು 3 ಲಕ್ಷದ ಬಿಲ್ಲಾಗುತ್ತದೆ. ತೋಟದವರು ಅಡಿಕೆ ಮಾರಿದ ಮೇಲೆ ಹಣ ಕೊಡುವುದು. ನನಗೆ 60 ದಿನ ಬೇಕು. ಸಂಬಂಧ ಕೆಡದ ಹಾಗೆ ಕೇಳುವುದು ಹೇಗೆ? ಒಂದೆರಡು ಸಲ ನಾನು ತಡ ಮಾಡಿದ್ದೂ ಇದೆ.
— ಒಬ್ಬ ಓದುಗರು, ಬದಿಯಡ್ಕ

ಉತ್ತರ: ಮೊದಲು ನಿಮ್ಮ ಅಂಗಡಿಯ ಕಳೆದ ಸೀಸನ್ನಿನ ಲೆಕ್ಕ ತೆಗೆದುನೋಡಿ. ಒಂದು ಬಿಲ್ಲಿನ ಮಾಲು ಪೂರ್ತಿ ಹಣವಾಗಿ ಬರಲು ಎಷ್ಟು ದಿನ ಹಿಡಿಯಿತು? ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಪ್ಲಂಬರ್‌ಗಳು, ಮನೆ ಕಟ್ಟುವವರು ಕೈಯಲ್ಲೇ ಕೊಡುತ್ತಾರೆ. ಹಾಗಾಗಿ ಕಾಲು ಭಾಗ 30 ದಿನದೊಳಗೆ ಬರುತ್ತದೆ. ಇನ್ನೊಂದು ಕಾಲು 45ನೇ ದಿನಕ್ಕೆ. ಉಳಿದ ಅರ್ಧ ತೋಟದವರದ್ದು. ಚಾಲಿ ಒಣಗುವುದಕ್ಕೇ ನಲವತ್ತು ದಿನ ಬೇಕು, ಆಮೇಲೆ ಮಾರಾಟ. ಅದು ಕೈಸೇರುವಾಗ 60 ದಿನ. ಈ ಲೆಕ್ಕ ಇದ್ದರೆ ನಿಮಗೆ ಇಡೀ ಬಿಲ್ಲಿಗೆ 60 ದಿನ ಬೇಕಾಗಿಲ್ಲ ಅಲ್ವಾ? ಅರ್ಧಕ್ಕೆ ಮಾತ್ರ ಬೇಕು. ಕೇಳುವುದನ್ನೂ ಹಾಗೆಯೇ ಕೇಳಿ.

ನವೆಂಬರ್ 20ರ 3 ಲಕ್ಷದ ಬಿಲ್ಲು ಅಂದುಕೊಳ್ಳೋಣ. ಈಗಿನ ಪ್ರಕಾರ ಡಿಸೆಂಬರ್ 20ಕ್ಕೆ ಪೂರ್ತಿ ಕೊಡಬೇಕು. ಅದರ ಬದಲು ಡಿಸೆಂಬರ್ 20ಕ್ಕೆ 75,000, ಜನವರಿ 4ಕ್ಕೆ 75,000, ಜನವರಿ 19ಕ್ಕೆ 1,50,000 ಎಂದು ಕಂತು ಮಾಡಿ. ಹೋಲ್‌ಸೇಲ್‌ನವರು ಕೂಡ ಬ್ಯಾಂಕಿನ ಓವರ್‌ಡ್ರಾಫ್ಟ್‌ನಲ್ಲಿ ವ್ಯಾಪಾರ ಮಾಡುವವರೇ. ವರ್ಷಕ್ಕೆ ಶೇ 12 ಬಡ್ಡಿ ಹಿಡಿದರೆ, 3 ಲಕ್ಷ ಇನ್ನೂ 30 ದಿನ ನಿಂತರೆ ಅವರಿಗೆ ಸುಮಾರು 3,000 ರೂಪಾಯಿ ಖರ್ಚು. ನಿಮ್ಮ ಕಂತಿನ ಪ್ರಕಾರ ಹಣ ಸರಾಸರಿ 49 ದಿನಕ್ಕೆ ತಲಪುತ್ತದೆ. ಅಂದರೆ ಜಾಸ್ತಿಯಾಗುವುದು 19 ದಿನ, ಖರ್ಚು 1,900ದ ಹತ್ತಿರ. ಈ ಲೆಕ್ಕ ನಿಮ್ಮ ತಲೆಯಲ್ಲಿರಲಿ. ಅವರು "ರೇಟಿನಲ್ಲಿ ಶೇ 2 ಏರಿಸುತ್ತೇನೆ" ಅಂದರೆ ಅದು 6,000 ರೂಪಾಯಿ. ಅಷ್ಟು ಕೊಡುವ ಬದಲು ನೀವೇ ಬ್ಯಾಂಕಿನಿಂದ ತೆಗೆಯುವುದು ಒಳ್ಳೆಯದು.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಒಂದೇ ಬಿಲ್ಲು ನೋಡಿದರೆ ಕಂತು ಸುಲಭ ಕಾಣುತ್ತದೆ. ಆದರೆ ಡಿಸೆಂಬರ್ 20ಕ್ಕೆ ನೀವು ಇನ್ನೊಂದು 3 ಲಕ್ಷದ ಮಾಲು ತರುತ್ತೀರಿ. ಅದರ ಮೊದಲ ಕಂತು ಜನವರಿ 19ಕ್ಕೇ ಬೀಳುತ್ತದೆ. ಆ ದಿನ ನಿಮ್ಮ ಕೈಯಿಂದ ಹೋಗಬೇಕಾದದ್ದು ಒಂದೂವರೆ ಲಕ್ಷ ಅಲ್ಲ, 2,25,000. ಹಾಗಾಗಿ ಸೀಸನ್ನಿನ ಎಲ್ಲ ಬಿಲ್ಲುಗಳನ್ನೂ ಒಂದೇ ಹಾಳೆಯಲ್ಲಿ ತಾರೀಕು ಪ್ರಕಾರ ಬರೆಯಿರಿ. ಒಂದೇ ದಿನ ಎರಡು ಕಂತು ಬಿದ್ದು ಕಷ್ಟ ಅನಿಸಿದರೆ ಎರಡನೇ ಬಿಲ್ಲಿನ ಖರೀದಿಯನ್ನೇ ಒಂದು ವಾರ ಮುಂದೆ ಹಾಕಿ.

ಕ್ರೆಡಿಟ್ ಲಿಮಿಟ್ ವಿಷಯವೂ ಇದಕ್ಕೇ ಸೇರಿದ್ದು. ಈಗ ನಿಮ್ಮ ಹೆಸರಿನಲ್ಲಿ 3 ಲಕ್ಷದ ಲಿಮಿಟ್ ಇರಬಹುದು. ಹೊಸ ಕಂತಿನಲ್ಲಿ ಡಿಸೆಂಬರ್ 20ಕ್ಕೆ ಹಳೆಯ ಬಾಕಿ 2,25,000 ಉಳಿದಿರುತ್ತದೆ, ಹೊಸ ಬಿಲ್ಲು 3 ಲಕ್ಷ, ಒಟ್ಟು 5,25,000. ದಿನ ಮಾತ್ರ ಕೇಳಿ ಲಿಮಿಟ್ ಕೇಳದೆ ಬಂದರೆ ಎರಡನೇ ಲೋಡಿಗೆ ಅವರ ಕಂಪ್ಯೂಟರಿನಲ್ಲಿ ಬಿಲ್ಲೇ ಆಗುವುದಿಲ್ಲ. ತೋಟಕ್ಕೆ ನೀರು ಬಿಡುವ ಸಮಯದಲ್ಲಿ ಅಂಗಡಿಯಲ್ಲಿ ಪೈಪು ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಕೇಳಿ.

ಇನ್ನು ನಿಮ್ಮ ದಾಖಲೆ. "ಆರು ವರ್ಷದಿಂದ ಸರಿಯಾಗಿ ಕೊಡುತ್ತಿದ್ದೇನೆ" ಅಂದರೆ ಸಾಕಾಗುವುದಿಲ್ಲ. ಅವರ ಹತ್ತಿರವೂ ಲೆಡ್ಜರ್ ಇದೆ, ನೀವು ಹೊರಟ ಕೂಡಲೇ ತೆಗೆದುನೋಡುತ್ತಾರೆ. ಆದ್ದರಿಂದ ಕಳೆದ ಒಂದು ವರ್ಷದ ಪ್ರತಿ ಬಿಲ್ಲಿನ ತಾರೀಕು, ಕೊಡಬೇಕಿದ್ದ ದಿನ, ಕೊಟ್ಟ ದಿನ ಇವಿಷ್ಟನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಅದಕ್ಕೂ ಮೊದಲು ಅವರ ಅಕೌಂಟೆಂಟ್ ಹತ್ತಿರ ಸ್ಟೇಟ್‌ಮೆಂಟ್ ತರಿಸಿ ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ. ವಾಪಸು ಕೊಟ್ಟ ಮಾಲಿನ ಕ್ರೆಡಿಟ್ ನೋಟ್ ಅವರು ಹಾಕದೇ ಇದ್ದರೆ ನಿಮಗೆ ಗೊತ್ತಿಲ್ಲದೆ ಬಾಕಿ ಕಾಣುತ್ತಿರುತ್ತದೆ. ತಡವಾದ ಬಿಲ್ಲುಗಳನ್ನು ಪಟ್ಟಿಯಿಂದ ಬಿಡಬೇಡಿ. ಯಾವ ತಿಂಗಳು, ಎಷ್ಟು ದಿನ, ಯಾಕೆ ಅಂತ ನೀವೇ ಹೇಳಿ. ಆ ತಡ ಸೀಸನ್ನಿನಲ್ಲೇ ಆಗಿದ್ದರೆ ನಿಮ್ಮ ಕೋರಿಕೆಗೆ ಅದೇ ದೊಡ್ಡ ಆಧಾರ. 30 ದಿನದ ಲೆಕ್ಕ ಆ ತಿಂಗಳುಗಳಿಗೆ ಹೊಂದುವುದಿಲ್ಲ ಅಂತ ಅದು ತೋರಿಸುತ್ತದೆ.

ಲೈನಿಗೆ ಬರುವ ಸೇಲ್ಸ್‌ನವರ ಹತ್ತಿರ ಹೇಳಿ ಕಳಿಸಬೇಡಿ. ಯಾವ ಬಾಕಿಯೂ ಗಡುವು ಮೀರಿರದ ಒಂದು ದಿನ, ಅಕ್ಟೋಬರಿನಲ್ಲೇ, ಮಂಗಳೂರಿಗೆ ಹೋಗಿ ಧಣಿಗಳನ್ನೇ ಕಾಣಿ. ಮಾತಾಡಿ ಬಂದ ಮೇಲೆ ಇಷ್ಟು ಬರೆದು ಕಳಿಸಿ:

> ಮಾನ್ಯರೇ, ಆರು ವರ್ಷದಿಂದ ನಿಮ್ಮಲ್ಲಿ 30 ದಿನದ ಅವಧಿಯಲ್ಲಿ ಖರೀದಿಸುತ್ತಿದ್ದೇನೆ. ಕಳೆದ ವರ್ಷದ ಎಲ್ಲ ಪಾವತಿಗಳ ಪಟ್ಟಿ ಇದರ ಜೊತೆಗಿದೆ. ಜನವರಿ, ಫೆಬ್ರವರಿಯ ಎರಡು ಬಿಲ್ಲು ತಡವಾಗಿವೆ. ನಮ್ಮ ಗಿರಾಕಿಗಳು ಅಡಿಕೆ ಮಾರಿದ ಮೇಲೆ ಹಣ ಕೊಡುವುದೇ ಕಾರಣ. ನವೆಂಬರ್‌ನಿಂದ ಫೆಬ್ರವರಿವರೆಗಿನ ಬಿಲ್ಲುಗಳಿಗೆ ಮಾತ್ರ 30ನೇ ದಿನ ಶೇ 25, 45ನೇ ದಿನ ಶೇ 25, 60ನೇ ದಿನ ಶೇ 50 ಕೊಡಲು ಒಪ್ಪಿಗೆ ಕೋರುತ್ತೇನೆ. ಈ ಅವಧಿಗೆ ಲಿಮಿಟ್ 5,25,000 ಬೇಕಾಗುತ್ತದೆ. ಮಾರ್ಚ್‌ನಿಂದ ಮತ್ತೆ 30 ದಿನ. ಯಾವುದಾದರೂ ಕಂತು ತಪ್ಪಿದರೆ ಹಳೆಯ ಷರತ್ತಿಗೇ ಬರಲು ನಾನು ಒಪ್ಪುತ್ತೇನೆ.

ಕೊನೆಯ ವಾಕ್ಯ ಅವರ ಹೆದರಿಕೆ ಕಡಿಮೆ ಮಾಡುತ್ತದೆ. "ಮುಂದಿನ ತಾರೀಕಿನ ಚೆಕ್ ಕೊಡಿ" ಅಂತ ಅವರು ಕೇಳಬಹುದು. ಹಣ ಖಂಡಿತ ಬರುತ್ತದೆ ಅನ್ನುವ ಕಂತಿಗೆ ಮಾತ್ರ ಕೊಡಿ. ಚೆಕ್ ಬೌನ್ಸ್ ಆಗಿ, ನೋಟಿಸ್ ಬಂದ 15 ದಿನದೊಳಗೆ ಹಣ ಕೊಡದಿದ್ದರೆ ಅದು ಕ್ರಿಮಿನಲ್ ಕೇಸ್ ಆಗುತ್ತದೆ.

ಒಂದು ಕಾನೂನಿನ ಮಾತು ಹೇಳಲೇಬೇಕು. ನಿಮ್ಮವರು ಬರೀ ಹೋಲ್‌ಸೇಲ್ ವ್ಯಾಪಾರಿಯಾದರೆ 60 ದಿನಕ್ಕೆ ಅಡ್ಡಿಯಿಲ್ಲ. ಆದರೆ ಸ್ವಂತ ಕಾರ್ಖಾನೆಯಲ್ಲಿ ಪೈಪು ಮಾಡಿ ಮಾರುವ, ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ಘಟಕವಾದರೆ 2006ರ ಎಂಎಸ್‌ಎಂಇ ಕಾನೂನಿನ ಪ್ರಕಾರ ಬರೆದು ಒಪ್ಪಿದರೂ 45 ದಿನವೇ ಮಿತಿ. ಅದನ್ನು ದಾಟಿದ ಬಾಕಿ ಮಾರ್ಚ್ 31ಕ್ಕೆ ಉಳಿದಿದ್ದರೆ ಆ ವರ್ಷದ ಖರ್ಚಾಗಿ ತೋರಿಸಲು ಆದಾಯ ತೆರಿಗೆಯಲ್ಲಿ ಬಿಡುವುದಿಲ್ಲ. ಕೊಟ್ಟ ವರ್ಷದಲ್ಲಿ ಮಾತ್ರ ಸಿಗುತ್ತದೆ. ಅವರ ಉದ್ಯಮ್ ಸರ್ಟಿಫಿಕೇಟಿನಲ್ಲಿ ತಯಾರಿಕೆ ಅಂತ ಇದೆಯೋ ವ್ಯಾಪಾರ ಅಂತ ಇದೆಯೋ ನೋಡಿಕೊಳ್ಳಿ. ತಯಾರಿಕೆ ಆಗಿದ್ದರೆ ಕೊನೆಯ ಕಂತನ್ನು 45ನೇ ದಿನಕ್ಕೇ ತಂದು, ಕೊರತೆ ಬೀಳುವ ಒಂದೂವರೆ ಲಕ್ಷವನ್ನು 15 ದಿನದ ಮಟ್ಟಿಗೆ ಓವರ್‌ಡ್ರಾಫ್ಟ್‌ನಿಂದ ತುಂಬಿ. ಶೇ 12ರಂತೆ ಅದರ ಬಡ್ಡಿ 750 ರೂಪಾಯಿಯ ಆಸುಪಾಸು.

ಪೂರ್ತಿ ಒಪ್ಪಲಿಲ್ಲ ಅಂದರೆ ನವೆಂಬರಿನ ಒಂದೇ ಬಿಲ್ಲಿಗೆ ಕೇಳಿನೋಡಿ. ಅದರ ಮೂರೂ ಕಂತು ತಾರೀಕಿಗೆ ಸರಿಯಾಗಿ ಹೋದರೆ ಜನವರಿ 20ರ ಲೋಡ್ ಬರೆಸುವಾಗಲೇ ಮತ್ತೆ ಮಾತು ತೆಗೆಯಬಹುದು. ಒಂದು ಕಂತಿಗೆ ಹಣ ಸಾಲದು ಅಂತ ಗೊತ್ತಾದರೆ ತಾರೀಕಿಗೆ ಐದು ದಿನ ಮೊದಲೇ ಫೋನ್ ಮಾಡಿ. ಎಷ್ಟು ಕೊಡುತ್ತೀರಿ, ಉಳಿದದ್ದು ಯಾವ ದಿನ ಎರಡನ್ನೂ ಹೇಳಿ, ಇರುವಷ್ಟನ್ನು ಆ ತಾರೀಕಿಗೇ ಹಾಕಿಬಿಡಿ.