ಅಪ್ಪ ಬರೆದ ‘ಗಂಗಾವತಿ’ ರೇಡಿಯಂ ಕಟಿಂಗ್‌ನಾಗ ಯಾಕ ಹಲ್ಲು ಹಲ್ಲು ಆತು?

ಪ್ರಶ್ನೆ: ಸರ್, ನಮ್ಮಪ್ಪ ಬೋರ್ಡ್ ಪೇಂಟರ್. ಖಾನಾವಳಿ ಬೋರ್ಡಿಗೆ ಅಂತ ಪಟ್ಟಿ ಬ್ರಶ್‌ನಾಗ ಪೇಪರ್ ಮ್ಯಾಗ ‘ಗಂಗಾವತಿ’ ಅಂತ ಬರದು ಕೊಟ್ಟಾರ. ಮೊಬೈಲ್‌ನಾಗ ಫೋಟೋ ಹೊಡದು ಇಂಕ್‌ಸ್ಕೇಪ್‌ನಾಗ ಟ್ರೇಸ್ ಮಾಡಿದೆ, ಸ್ಕ್ರೀನ್ ಮ್ಯಾಗ ಚೊಲೊ ಕಾಣ್ತಿತ್ತು. 6 ಅಡಿ ಅಗಲ ಮಾಡಿ ರೇಡಿಯಂ ಕಟಿಂಗ್‌ಗೆ ಕೊಟ್ರ ಮಶೀನ್ ತಡವರಿಸಿ ತಡವರಿಸಿ ಓಡ್ತು, ಅಂಚೆಲ್ಲ ಗರಗಸದಂಗ ಬಂತು. ತಪ್ಪು ಎಲ್ಲಿ ಆಗೇತಿ? — ಗಂಗಾವತಿ

ಉತ್ತರ: ಮಶೀನ್ ತಪ್ಪಲ್ಲರಿ ಅದು. ಪೇಪರ್ ಮ್ಯಾಗ ಆ ಹೆಸರು ಸುಮಾರು 9 ಇಂಚು ಅಗಲ ಇತ್ತು ಅಂತ ಹಿಡಿಯೋಣ, 6 ಅಡಿ ಅಂದ್ರ 72 ಇಂಚು, ಅಂದ್ರ 8 ಪಟ್ಟು ಹಿಗ್ಗಿಸಿದಂಗಾತು. ಪೇಪರ್‌ನಾಗ ಅರ್ಧ ಮಿಲಿಮೀಟರ್ ಅಲುಗಾಟ ಇದ್ರ ಬೋರ್ಡಿನಾಗ ಅದು 4 ಮಿಲಿಮೀಟರ್ ಆಗ್ತದ. ಟ್ರೇಸ್ ಮಾಡೋ ಸಾಫ್ಟ್‌ವೇರ್‌ಗೆ ಇದು ಅಕ್ಷರ ಅಂತ ಗೊತ್ತಿರಂಗಿಲ್ಲ, ಅದಕ್ಕ ಗೊತ್ತಿರೋದು ಕರಿ ಎಲ್ಲಿ ಮುಗೀತು ಬಿಳಿ ಎಲ್ಲಿ ಶುರುವಾತು ಅಷ್ಟ. ಪೇಪರ್‌ನ ನಾರು, ಬಣ್ಣ ಹರಡಿದ್ದು, ಫೋಟೋದಾಗ ಬಿದ್ದ ನೆರಳು ಎಲ್ಲಾನೂ ಅಂಚು ಅಂತ ಹಿಡಕೊಂಡು ಎಲ್ಲೆಂದರಲ್ಲಿ ಪಾಯಿಂಟ್ ಇಟ್ಟು ಬಿಡ್ತದ, ಕಟರ್ ಬ್ಲೇಡು ಪ್ರತಿ ಪಾಯಿಂಟ್‌ನಾಗೂ ದಿಕ್ಕು ಬದಲಿ ಮಾಡ್ಕೋತ ಹೋಗ್ಬೇಕಾಗ್ತದ, ತಡವರಿಸೋದು ಅದಕ್ಕ.

ಮೊದಲ ಫೋಟೋ ಬಿಡ್ರಿ. ಮೊಬೈಲ್ ಒಂಚೂರು ಓರೆ ಹಿಡಿದ್ರೂ ಒಂದು ಕಡಿ ಅಕ್ಷರ ದೊಡ್ಡದು ಒಂದು ಕಡಿ ಸಣ್ಣದು ಆಗ್ತಾವ. ಝೆರಾಕ್ಸ್ ಅಂಗಡ್ಯಾಗ ಸ್ಕ್ಯಾನರ್ ಇರ್ತದಲ್ಲ, ಅಲ್ಲಿ 600 ಡಿಪಿಐ ಗ್ರೇಸ್ಕೇಲ್‌ನಾಗ ಸ್ಕ್ಯಾನ್ ಮಾಡಿಸ್ರಿ. ಅಪ್ಪಾರು ಪೆನ್ಸಿಲ್‌ನಾಗ ಬರೇ ಗೆರಿ ಎಳದು ಕೊಟ್ಟಿದ್ರ ಹಂಗ ಟ್ರೇಸ್ ಮಾಡಬ್ಯಾಡ್ರಿ, ಪೆನ್ಸಿಲ್ ಗೆರಿಗೆ ಒಳಗೊಂದು ಅಂಚು ಹೊರಗೊಂದು ಅಂಚು ಅಂತ ಎರಡೆರಡು ಬರ್ತಾವ, ಒಳಗೆಲ್ಲ ಕರಿ ತುಂಬಿಸಿಕೊಂಡ ಮ್ಯಾಲ ಸ್ಕ್ಯಾನ್ ಮಾಡಿಸ್ಬೇಕು. ನಿಮ್ಮದು ಬ್ರಶ್ ಬರವಣಿಗಿ, ಆ ತ್ರಾಸಿಲ್ಲ. ಆಮ್ಯಾಲ `Path > Trace Bitmap` ತಗದು ಬ್ರೈಟ್‌ನೆಸ್ ಕಟಾಫ್ ಸ್ವಲ್ಪ ಸ್ವಲ್ಪ ಏರಿಸಿ ಇಳಿಸಿ ನೋಡ್ರಿ, ಜಾಸ್ತಿ ಏರಿಸಿದ್ರ ಅಕ್ಷರ ದಪ್ಪಾಗಿ ಸೊನ್ನಿ ಹೊಟ್ಟಿ ಮುಚ್ಚಿಕೊಳ್ತಾ ಬರ್ತದ, ಭಾಳ ಇಳಿಸಿದ್ರ ತೆಳ್ಳಗಿರೋ ಜಾಗ ಹರಕೊಂಡು ಹೋಗ್ತದ. ಸ್ಕ್ಯಾನ್‌ನ ಕೆಳಗ ಇಟ್ಟು ಲೇಯರ್ ಲಾಕ್ ಮಾಡ್ರಿ, ಕಡೀತನಕ ಅದನ್ನ ಅಳಿಸಬ್ಯಾಡ್ರಿ.

ಇಲ್ಲಿಗೆ ಎಲ್ಲಾರೂ `Ctrl+L` ಒತ್ತಿ ಸಿಂಪ್ಲಿಫೈ ಮಾಡಿ ಕೈ ತೊಳ್ಕೊಳ್ತಾರ. ನಾನೂ ಶುರುವಿನಾಗ ಇದನ್ನ ಮಾಡ್ತಿದ್ದೆ, ಬಳ್ಳಾರಿಯಾಗ ಒಂದು ಅಂಗಡಿ ಬೋರ್ಡಿಂದು ತಲಕಟ್ಟಿನ ಚೂಪು ತುದಿ ಎಲ್ಲಾ ಸಾಬೂನು ಕರಗಿದಂಗ ಆಗಿತ್ತು, ಇಡೀ ರೇಡಿಯಂ ಕಿತ್ತು ಮತ್ತ ಹಚ್ಚಿಸ್ಬೇಕಾತು. ಸಿಂಪ್ಲಿಫೈಗೆ ಚೂಪು ಮೂಲಿ ಯಾವುದು ಕೈ ನಡುಗಿದ್ದು ಯಾವುದು ಅಂತ ಬ್ಯಾರೆ ಮಾಡಾಕ ಬರಂಗಿಲ್ಲ. ಕೈಯಿಂದನ ಪಾಯಿಂಟ್ ತಗೀಬೇಕು, ಅದಕ್ಕ ಸೊನ್ನಿಯಿಂದ ಶುರು ಮಾಡ್ರಿ.

‘ಗಂ’ ಒಳಗಿನ ಸೊನ್ನಿ ನೋಡ್ರಿ, ಟ್ರೇಸ್ ಮಾಡಿದ್ದರಾಗ ಮೂವತ್ತರ ಮ್ಯಾಲ ಪಾಯಿಂಟ್ ಇದ್ರೂ ಆಶ್ಚರ್ಯ ಇಲ್ಲ. ಬೇಕಾಗಿರೋದು ಬರೇ 8: ಹೊರಗಿನ ಸುತ್ತಿಗೆ 4, ಒಳಗಿನ ಸುತ್ತಿಗೆ 4. ಎಲ್ಲಿ ಅಂದ್ರ ಆ ಸುತ್ತು ಎಲ್ಲಿಗಿಂತ ಮ್ಯಾಲ ಹೋಗಂಗಿಲ್ಲೋ ಅಲ್ಲೊಂದು, ಎಲ್ಲಿಗಿಂತ ಕೆಳಗ ಇಳಿಯಂಗಿಲ್ಲೋ ಅಲ್ಲೊಂದು, ಪೂರ್ತಿ ಎಡಕ್ಕೊಂದು, ಪೂರ್ತಿ ಬಲಕ್ಕೊಂದು. ಈ ನಾಕು ಜಾಗದಾಗ ಗೆರಿ ಪಕ್ಕಾ ಅಡ್ಡ ಇಲ್ಲಾ ಪಕ್ಕಾ ನೆಟ್ಟಗ ಇರ್ತದ, ಹಂಗಾಗಿ ಪಾಯಿಂಟಿನಿಂದ ಹೊರಡೋ, ಗೆರಿ ಬಗ್ಗಿಸೋ ಹ್ಯಾಂಡಲ್ಲೂ ಅಡ್ಡ ಇಲ್ಲಾ ನೆಟ್ಟಗ, ನಾವು ಅಂದಾಜು ಹೊಡಿಯೋ ಕೆಲಸನ ಇಲ್ಲ. ನೋಡ್ ಟೂಲ್‌ನಾಗ ಪಾಯಿಂಟ್ ಸೇರಿಸೋ ಬಟನ್ ಬಾಜೂಕ ಸಣ್ಣ ಬಾಣ ಐತಿ, ಅದರಾಗ `Min X`, `Max X`, `Min Y`, `Max Y` ಅಂತ ಸಿಗ್ತಾವ, ಒಂದು ಸುತ್ತಿನ ಪಾಯಿಂಟ್ ಎಲ್ಲಾ ಸೆಲೆಕ್ಟ್ ಮಾಡಿ ಇವನ್ನ ಒತ್ತಿದ್ರ ಅಲ್ಲಲ್ಲೇ ಪಾಯಿಂಟ್ ಬೀಳ್ತದ. ಇವು ನಾಕನ್ನ ಬಿಟ್ಟು ಉಳಿದಿದ್ದನ್ನ ಒಂದೊಂದಾಗಿ ಡಿಲೀಟ್ ಮಾಡ್ರಿ, ಒಮ್ಮೆಲೆ ಎಲ್ಲಾ ಅಳಿಸಿದ್ರ ಆಕಾರ ಎಲ್ಲಿ ಕೆಟ್ಟಿತು ಅಂತ ತಿಳಿಯಂಗಿಲ್ಲ. ಆಮ್ಯಾಲ ನಾಕನ್ನೂ ಹಿಡದು `Shift+S` ಒತ್ತಿ ಸ್ಮೂತ್ ಮಾಡಿ, `Ctrl` ಹಿಡದು ಹ್ಯಾಂಡಲ್ ಎಳೀರಿ, ಅದು 15 ಡಿಗ್ರಿ ಲೆಕ್ಕದಾಗ ಹೋಗೋದರಿಂದ ಅಡ್ಡ ನೆಟ್ಟಗಕ್ಕ ತಾನ ಕೂಡ್ತದ.

ಹ್ಯಾಂಡಲ್ ಉದ್ದ ಎಷ್ಟು? ದುಂಡನೆ ಸೊನ್ನಿ ಆದ್ರ ನಡುವಿನಿಂದ ಅಂಚಿಗೆ ಇರೋ ಅಳತಿಯ 0.55 ಪಟ್ಟು, ಅಂದ್ರ ಅರ್ಧಕ್ಕಿಂತ ಒಂಚೂರು ಜಾಸ್ತಿ. ಉದ್ದ ಆತು ಅಂದ್ರ ಸೊನ್ನಿ ಚೌಕದ ಕಡಿ ಉಬ್ತದ, ಗಿಡ್ಡ ಆತು ಅಂದ್ರ ನಾಕು ಮೂಲಿ ಎದ್ದು ಗಾಳಿಪಟದಂಗ ಕಾಣ್ತದ, ಕಣ್ಣಿಗೇ ಗೊತ್ತಾಗ್ತದ.

ಇಲ್ಲಿ ಒಂದು ಮಾತು ಲಕ್ಷ್ಯ ಇಟ್ಟು ಕೇಳ್ರಿ. ಅಪ್ಪಾರು ಪಟ್ಟಿ ಬ್ರಶ್ ಓರೆ ಹಿಡದು ಬರದಿದ್ರ ಸೊನ್ನಿ ಎಲ್ಲಾ ಕಡಿ ಒಂದ ದಪ್ಪ ಇರಂಗಿಲ್ಲ, ಒಂದು ಓರೆಗೆ ದಪ್ಪ ಇನ್ನೊಂದು ಓರೆಗೆ ತೆಳ್ಳಗ ಇರ್ತದ, ಒಳಗಿನ ಹೊಟ್ಟಿ ಒಂದು ಕಡಿ ವಾಲಿರ್ತದ. ಹಂಗಾಗಿ ಒಳಗಿನ ಮೇಲಿನ ಪಾಯಿಂಟು ಹೊರಗಿನ ಮೇಲಿನ ಪಾಯಿಂಟಿನ ಸೀದಾ ಕೆಳಗ ಬರಂಗಿಲ್ಲ, ಸ್ವಲ್ಪ ಅತ್ಲಾಗ ಇತ್ಲಾಗ ಸರದಿರ್ತದ. ಅದನ್ನ ನೇರ ಮಾಡಾಕ ಹೋಗಬ್ಯಾಡ್ರಿ. ಹ್ಯಾಂಡಲ್ ಅಡ್ಡ ಇರ್ಲಿ, ಪಾಯಿಂಟ್ ಮಾತ್ರ ಸ್ಕ್ಯಾನ್‌ನಾಗ ಎಲ್ಲಿ ಐತೋ ಅಲ್ಲೇ ಇರ್ಲಿ. ಸೀದಾ ಮಾಡಿದ್ರಿ ಅಂದ್ರ ಅದು ಕಂಪ್ಯೂಟರ್ ಫಾಂಟಿನ ಸೊನ್ನಿ ಆತು, ಅಪ್ಪಾರ ಕೈ ಅದರಾಗ ಉಳೀಲಿಲ್ಲ.

‘ಗ’ ಕಮಾನಿಗೂ ಇದ ಲೆಕ್ಕ, ಹೊರಗ ಎಡ, ಮ್ಯಾಲ, ಬಲ, ಒಳಗ ಎಡ, ಮ್ಯಾಲ, ಬಲ, ಕಾಲಿನ ತಿರುವಿಗೆ ಎಷ್ಟು ಬೇಕೋ ಅಷ್ಟು. ತಲಕಟ್ಟು ಬಂದು ಕಮಾನಿಗೆ ಕೂಡೋ ಜಾಗದಾಗ ಬಣ್ಣ ನಿಂತು ಮೂಲಿ ತುಂಬಿಕೊಂಡಿರ್ತದ, ಟ್ರೇಸ್ ಅದನ್ನ ದುಂಡಗ ಹಿಡೀತದ, 8 ಪಟ್ಟು ಹಿಗ್ಗಿದಾಗ ಅದು ಗಂಟಿನಂಗ ಕಾಣ್ತದ. ಅಲ್ಲಿ ಎರಡೂ ಬದಿಗೆ ಒಂದೊಂದ ಪಾಯಿಂಟ್ ಉಳಿಸಿ `Shift+C` ಒತ್ತಿ ಚೂಪು ಮೂಲಿ ಮಾಡ್ರಿ.

ಯಾವ ಅಲುಗಾಟ ಉಳಿಸ್ಬೇಕು ಯಾವುದನ್ನ ತಗೀಬೇಕು ಅಂತ ಗೊಂದಲ ಆಗ್ತದ. ನಿಮ್ಮ ನಸೀಬಕ್ಕ ಈ ಹೆಸರಿನಾಗ ‘ಗ’ ಎರಡು ಸಲ ಬಂದೈತಿ, ‘ಗಂ’ ಒಂದು ‘ಗಾ’ ಒಂದು. ಎರಡರ ಕಮಾನನ್ನ ಒಂದರ ಮ್ಯಾಲ ಒಂದು ಇಟ್ಟು ನೋಡ್ರಿ. ಎಡಗಾಲು ಎರಡರಾಗೂ ಹೊರಗ ಚಾಚಿದ್ರ ಅದು ಅಪ್ಪಾರ ಕೈಯ ರೂಢಿ, ಹಂಗ ಬಿಡ್ರಿ. ಒಂದರಾಗ ಮಾತ್ರ ಬಲಬದಿಗೆ ಸಣ್ಣ ಉಬ್ಬು ಇದ್ರ ಅದು ಪೇಪರ್ದೋ ನಡುಕದ್ದೋ, ತಗೀರಿ. ಆದ್ರ ಒಂದು ‘ಗ’ ಚಂದ ಮಾಡಿ ಅದನ್ನ ಕಾಪಿ ಹೊಡದು ‘ಗಾ’ಕ್ಕ ಕೂಡಿಸಬ್ಯಾಡ್ರಿ. ‘ಗಾ’ದಾಗ ತಲಕಟ್ಟು ಇಲ್ಲ, ಆ ಜಾಗಕ್ಕ ದೀರ್ಘ ಬರ್ತದ, ಅದಕ್ಕ ಜಾಗ ಬಿಡಾಕ ಬರೆಯೋ ಮುಂದನ ಕಮಾನನ್ನ ಸ್ವಲ್ಪ ಬ್ಯಾರೆ ಎಳದಿರ್ತಾರ.

ಮುಗದ ಮ್ಯಾಲ ಇಡೀ ಹೆಸರನ್ನ ತಲಿಕೆಳಗ ಮಾಡಿ ನೋಡ್ರಿ, ಓದಾಕ ಬರದಿದ್ದಾಗ ಬರೇ ಆಕಾರ ಕಾಣ್ತದ, ತಗ್ಗು ಉಬ್ಬು ಇದ್ರ ತಟಕ್ಕನ ಸಿಗ್ತದ. ಯಾವುದಾದ್ರೂ ಅಕ್ಷರ ಎರಡು ತುಂಡಾಗಿ ಒಂದರ ಮ್ಯಾಗ ಒಂದು ಕೂತಿದ್ರ ಯೂನಿಯನ್ ಮಾಡ್ರಿ, ಇಲ್ಲಂದ್ರ ಬ್ಲೇಡು ಅಕ್ಷರದ ಹೊಟ್ಟಿಯಾಗಿಂದನ ಕೊಯ್ಕೊಂಡು ಹೋಗ್ತದ. ಮೊದಲ ‘ಗಂ’ ಒಂದನ್ನ 3 ಇಂಚಿಗೆ ಕಟ್ ಮಾಡಿಸಿ ಅಂಚು ಬೆರಳಿಲೆ ಸವರಿ ನೋಡ್ರಿ. ಅದು ಸರಿ ಬಂದ್ರ ಪೂರ್ತಿ ಅಳತಿದು ಪೇಪರ್‌ನಾಗ ತುಂಡು ತುಂಡು ಪ್ರಿಂಟ್ ತಗದು ಗ್ವಾಡಿಗೆ ಅಂಟಿಸಿ, ಅಪ್ಪಾರನ್ನ ರಸ್ತೆ ಆಚೆ ನಿಲ್ಲಿಸಿ ತೋರಸ್ರಿ. ‘ಈ ಕಾಲು ನಂದಲ್ಲ’ ಅಂದ್ರ ಯಾವ ಕಾಲು ಅಂತ ಕೇಳಿ, ಆ ಜಾಗದ ಪಾಯಿಂಟ್‌ನ ಮತ್ತ ಸ್ಕ್ಯಾನ್ ಜೋಡಿ ಇಟ್ಟು ನೋಡ್ರಿ.